ಗಂಟೆಗೆ ಸರಾಸರಿ ಎರಡು ಗಾಡಿ, ಆದ್ರೆ ಒಂದೂ ನಿಲ್ಲದಿರುವ ಸಾಧ್ಯತೆ ಎಷ್ಟು? (1 − λ/n)ⁿ ಲಿಮಿಟ್ ಹಂತ ಹಂತವಾಗಿ

ಡಿಗ್ರಿ ಮಕ್ಕಳ ಉತ್ತರ ಪತ್ರಿಕೆಯಲ್ಲಿ ಈ ಒಂದು ಲೆಕ್ಕಕ್ಕೆ ಮೂರು ಬಗೆಯ ತಪ್ಪು ಉತ್ತರ ಬರುತ್ತಲೇ ಇರುತ್ತವೆ. ಕೆಲವರು 1 ಬರೆಯುತ್ತಾರೆ. ಕೆಲವರು 0 ಬರೆಯುತ್ತಾರೆ. ಇನ್ನು ಕೆಲವರು ಎಲ್ಲ ಸರಿಯಾಗಿ ಮಾಡಿ, ಕೊನೆಗೆ ಮೈನಸ್ ಚಿಹ್ನೆ ನುಂಗಿ e^λ ಬರೆದು ಬರುತ್ತಾರೆ. ಮೊದಲೆರಡಕ್ಕೂ ಕಾರಣ ಒಂದೇ, ಹಂತಗಳ ಕ್ರಮ ತಪ್ಪುವುದು. ಅದಕ್ಕೆ ಇಲ್ಲಿ ಒಂದೇ ಉದಾಹರಣೆ ಹಿಡಿದು ಕೊನೆಯವರೆಗೂ ಹೋಗೋಣ.

ಉದಾಹರಣೆ ಇದು. ಚಿಕ್ಕಬಳ್ಳಾಪುರದ ಹತ್ತಿರ ಹೈದರಾಬಾದ್ ಹೆದ್ದಾರಿ ಪಕ್ಕದಲ್ಲಿ ಒಂದು ದ್ರಾಕ್ಷಿ ಅಂಗಡಿ ಇದೆ ಅಂದುಕೊಳ್ಳಿ. ವಾರದ ದಿನ, ಮಧ್ಯಾಹ್ನದ ಹೊತ್ತು, ಗಂಟೆಗೆ ಸರಾಸರಿ 2 ಗಾಡಿ ನಿಲ್ಲುತ್ತವೆ. ಒಂದು ಇಡೀ ಗಂಟೆ ಒಂದು ಗಾಡಿಯೂ ನಿಲ್ಲದೆ ಖಾಲಿ ಹೋಗುವ ಸಂಭವನೀಯತೆ ಎಷ್ಟು?

## ಶುರು ಮಾಡುವ ಮುಂಚೆ ಏನೇನು ಬೇಕು

ಒಂದು ಸೈಂಟಿಫಿಕ್ ಕ್ಯಾಲ್ಕುಲೇಟರ್ ಸಾಕು. ಫೋನಿನಲ್ಲಿರುವುದೂ ಆಗುತ್ತದೆ, ಅಡ್ಡ ತಿರುಗಿಸಿದರೆ ಹೆಚ್ಚಿನ ಬಟನ್‌ಗಳು ಬರುತ್ತವೆ. ಅದರಲ್ಲಿ `xʸ`, `ln`, `eˣ` ಈ ಮೂರು ಬಟನ್ ಎಲ್ಲಿವೆ ಅಂತ ಮೊದಲೇ ನೋಡಿಕೊಳ್ಳಿ. `log` ಬಟನ್ ಬೇರೆ, `ln` ಬಟನ್ ಬೇರೆ. `log` 10ರ ಆಧಾರದ್ದು, ನಮಗೆ ಬೇಕಿರುವುದು `ln`. ಇವೆರಡನ್ನು ಅದಲು ಬದಲು ಮಾಡಿದರೆ ಏನಾಗುತ್ತದೆ ಅಂತ ಮುಂದೆ ನೋಡೋಣ.

ಗೊತ್ತಿರಬೇಕಾದ ವಿಷಯವೂ ಜಾಸ್ತಿ ಇಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಘಟನೆಗಳ ಸಂಭವನೀಯತೆಗಳನ್ನು ಗುಣಿಸಬಹುದು ಎಂಬುದು ಒಂದು. `ln` ಒಳಗಿನ ಘಾತ ಹೊರಗೆ ಬಂದು ಗುಣಕ ಆಗುತ್ತದೆ ಎಂಬುದು ಇನ್ನೊಂದು. ಇಷ್ಟಿದ್ದರೆ ಆಯಿತು.

## ಹಂತ 1: λ ಏನು ಅಂತ ಗಟ್ಟಿ ಮಾಡಿಕೊಳ್ಳಿ

λ ಅಂದರೆ ನೀವು ನೋಡುತ್ತಿರುವ ಇಡೀ ಅವಧಿಯ ಸರಾಸರಿ ಎಣಿಕೆ. ನಮ್ಮ ಅಂಗಡಿಯಲ್ಲಿ ಅವಧಿ ಒಂದು ಗಂಟೆ, ಹಾಗಾಗಿ λ = 2. ಅವಧಿ ಅರ್ಧ ಗಂಟೆ ಆದರೆ λ = 1. ಮೂರು ಗಂಟೆ ಆದರೆ λ = 6.

ಲೆಕ್ಕ ಶುರುವಾದ ಮೇಲೆ λ ಬದಲಾಗಬಾರದು. ಮುಂದಿನ ಹಂತದಲ್ಲಿ ಅವಧಿಯನ್ನು n ತುಂಡು ಮಾಡುತ್ತೇವೆ, ಒಂದು ತುಂಡಿನಲ್ಲಿ ಗಾಡಿ ನಿಲ್ಲುವ ಸಾಧ್ಯತೆ p. n ಬೆಳೆಯುತ್ತದೆ, p ಕುಗ್ಗುತ್ತದೆ, ಆದರೆ ಎರಡರ ಗುಣಲಬ್ಧ np ಯಾವಾಗಲೂ λ ಆಗಿಯೇ ಇರಬೇಕು. ಪುಟದ ಮೇಲ್ಗಡೆ `np = λ = 2` ಅಂತ ಬರೆದು ಸುತ್ತ ಒಂದು ಚೌಕ ಹಾಕಿಕೊಳ್ಳಿ. ಮಧ್ಯದಲ್ಲಿ ದಾರಿ ತಪ್ಪಿದಾಗ ಇದನ್ನು ನೋಡಿದರೆ ಸಾಕು.

ಏನನ್ನು ಎಣಿಸುತ್ತಿದ್ದೀರಿ ಅನ್ನುವುದನ್ನೂ ಇಲ್ಲೇ ತೀರ್ಮಾನಿಸಿ. ನಾನು "ಜನ" ಅನ್ನದೆ "ಗಾಡಿ" ಅಂದಿದ್ದೇನೆ. ಅದು ಬೇಕಂತಲೇ. ಕಾರಣ ಹಂತ 8ರಲ್ಲಿದೆ.

## ಹಂತ 2: ಗಂಟೆಯನ್ನು ತುಂಡು ಮಾಡಿ

ದ್ವಿಪದ ವಿತರಣೆ ಬಳಸಬೇಕಾದರೆ "ಪ್ರಯೋಗ" ಬೇಕು, ಪ್ರತಿ ಪ್ರಯೋಗಕ್ಕೂ ಹೌದು ಅಥವಾ ಇಲ್ಲ ಎಂಬ ಉತ್ತರ ಬೇಕು. ಅಂಗಡಿ ಮುಂದೆ ಸುಮ್ನೆ ಕೂತರೆ ಪ್ರಯೋಗ ಎಲ್ಲಿದೆ? ನಾವೇ ಮಾಡಿಕೊಳ್ಳಬೇಕು. ಗಂಟೆಯನ್ನು n ಸಮ ತುಂಡು ಮಾಡಿ. ಪ್ರತಿ ತುಂಡೂ ಒಂದು ಪ್ರಯೋಗ. ಆ ತುಂಡಿನಲ್ಲಿ ಗಾಡಿ ನಿಂತರೆ "ಯಶಸ್ಸು", ನಿಲ್ಲದಿದ್ದರೆ "ಇಲ್ಲ".

ಗಂಟೆಗೆ ಸರಾಸರಿ 2 ಬರಬೇಕಾದರೆ ಪ್ರತಿ ತುಂಡಿನ ಪಾಲು `p = 2/n`. ಗಂಟೆಯನ್ನು 4 ಕಾಲುಗಂಟೆ ಮಾಡಿದರೆ p = 1/2. 60 ನಿಮಿಷ ಮಾಡಿದರೆ p = 1/30. 3600 ಸೆಕೆಂಡು ಮಾಡಿದರೆ p = 1/1800. n ಬೆಳೆದಷ್ಟೂ p ಅದೇ ಅನುಪಾತದಲ್ಲಿ ಕುಗ್ಗುತ್ತದೆ ಅನ್ನುವುದರ ಅರ್ಥ ಇಷ್ಟೇ. ಗಾಡಿಗಳು ಜಾಸ್ತಿ ಆಗಲಿಲ್ಲ, ಕಮ್ಮಿಯೂ ಆಗಲಿಲ್ಲ. ನಾವು ಸಣ್ಣಗೆ ಕತ್ತರಿಸಿದೆವು, ಅಷ್ಟೆ.

n ತೀರ ಚಿಕ್ಕದಾದರೆ ಏನಾಗುತ್ತದೆ ಅಂತ ಒಮ್ಮೆ ನೋಡಿ. ಎರಡು ಅರ್ಧಗಂಟೆ ಮಾಡಿದರೆ p = 2/2 = 1. ಅಂದರೆ ಪ್ರತಿ ಅರ್ಧಗಂಟೆಗೂ ಗಾಡಿ ಬಂದೇ ಬರುತ್ತದೆ, ಖಾಲಿ ಗಂಟೆ ಇರುವುದೇ ಇಲ್ಲ! ಒಂದೇ ತುಂಡು ಮಾಡಿದರೆ p = 2, ಅದು ಸಂಭವನೀಯತೆಯೇ ಅಲ್ಲ. ಹಾಗಾಗಿ n ಯಾವಾಗಲೂ λಗಿಂತ ದೊಡ್ಡದಿರಬೇಕು. ಉತ್ತರದಲ್ಲಿ `n > λ` ಅಂತ ಒಂದು ಸಾಲು ಬರೆಯಿರಿ. ಇದು ಬೇಕಿರುವುದು ಹಂತ 5ರಲ್ಲಿ.

## ಹಂತ 3: "ಒಂದೂ ಇಲ್ಲ" ಅನ್ನುವುದನ್ನು ಬರೆಯಿರಿ

n ಪ್ರಯೋಗಗಳಲ್ಲಿ k ಯಶಸ್ಸು ಬರುವ ಸೂತ್ರ ಎಲ್ಲರಿಗೂ ಬಾಯಿಪಾಠ. ಅದರಲ್ಲಿ k = 0 ಹಾಕಿ:

```
P(0) = nC0 · p^0 · (1 − p)^n = (1 − p)^n
```

nC0 = 1, p^0 = 1. ಇಲ್ಲಿ nC0ಗೆ 0 ಅಂತ ಬರೆಯುವವರು ಇದ್ದಾರೆ, ಆಗ ಇಡೀ ಲೆಕ್ಕ ಅಲ್ಲೇ ಸತ್ತುಹೋಗುತ್ತದೆ. "ಏನನ್ನೂ ಆರಿಸದೇ ಇರುವುದು" ಒಂದೇ ಒಂದು ರೀತಿಯಲ್ಲಿ ಸಾಧ್ಯ, ಅದಕ್ಕೆ ಅದು 1.

ನಿಜ ಹೇಳಬೇಕೆಂದರೆ ಸೂತ್ರವೂ ಬೇಕಿಲ್ಲ. ಒಂದು ತುಂಡು ಖಾಲಿ ಹೋಗುವ ಸಾಧ್ಯತೆ 1 − p. n ತುಂಡೂ ಖಾಲಿ ಹೋಗಬೇಕು. n ಸಲ ಗುಣಿಸಿ, ಮುಗಿಯಿತು. ದ್ವಿಪದ ವಿತರಣೆಯ ಎಲ್ಲ ಪದಗಳಲ್ಲಿ ಲಿಮಿಟ್ ತೆಗೆಯಲು ತೀರ ಸುಲಭ ಇದೇ ಪದ.

## ಹಂತ 4: pಯನ್ನು ಮೊದಲು ಕಳಿಸಿಬಿಡಿ

ಈಗ p ಇರುವ ಜಾಗದಲ್ಲಿ λ/n ಹಾಕಿ:

```
P(0) = (1 − λ/n)^n
```

ಹೆಚ್ಚಿನ ತಪ್ಪುಗಳು ಹುಟ್ಟುವುದು ಈ ಸಾಲಿನ ಆಸುಪಾಸಿನಲ್ಲೇ. p ಇನ್ನೂ p ಆಗಿಯೇ ಉಳಿದಿರುವಾಗ ಲಿಮಿಟ್ ತೆಗೆಯಲು ಹೋದರೆ ಎರಡು ದಾರಿ ಕಾಣುತ್ತವೆ, ಎರಡೂ ತಪ್ಪು.

ಮೊದಲು p → 0 ಅಂತ ತೆಗೆದರೆ ಕಂಸದೊಳಗೆ 1 ಆಗುತ್ತದೆ. 1ರ ಘಾತ n ಎಷ್ಟಿದ್ದರೂ 1. ಉತ್ತರ 1. ಅಂದರೆ ಗಾಡಿ ಬರುವುದೇ ಇಲ್ಲ ಅಂತಾಯಿತು. ಸರಾಸರಿ 2 ಅಂತ ಕೊಟ್ಟಿದ್ದರಲ್ಲ, ಅದು ಎಲ್ಲಿ ಹೋಯಿತು?

ಮೊದಲು n → ∞ ಅಂತ ತೆಗೆದರೆ, p ಹಾಗೇ ನಿಂತಿರುವಾಗ, 1ಕ್ಕಿಂತ ಚಿಕ್ಕ ಸಂಖ್ಯೆಯನ್ನು ಮತ್ತೆ ಮತ್ತೆ ಗುಣಿಸಿದಂತೆ. ಉತ್ತರ 0. ಅಂದರೆ ಖಾಲಿ ಗಂಟೆ ಅಸಾಧ್ಯ ಅಂತಾಯಿತು. ಇಲ್ಲಿ np ಎಲ್ಲೆ ಮೀರಿ ಬೆಳೆದುಬಿಟ್ಟಿದೆ.

ನಿಮ್ಮ ಉತ್ತರ ಶುದ್ಧ 0 ಅಥವಾ ಶುದ್ಧ 1 ಬಂತು, λ ಎಲ್ಲೂ ಕಾಣುತ್ತಿಲ್ಲ ಅಂದರೆ ನೀವು ಎರಡನ್ನು ಒಟ್ಟಿಗೆ ನಡೆಸದೆ ಒಂದನ್ನು ಮುಂದೆ ಓಡಿಸಿದ್ದೀರಿ. p = λ/n ಅಂತ ಹಾಕಿದ ಮೇಲೆ ಚಲಿಸುವುದು n ಒಂದೇ. ಆಗ ಈ ತಪ್ಪಿಗೆ ಜಾಗವೇ ಇರುವುದಿಲ್ಲ.

ಅನುಪಾತ ಸ್ವಲ್ಪ ಬೇರೆ ಆದರೂ ಕಥೆ ಬದಲಾಗುತ್ತದೆ. p = λ/n² ಅಂತ ಬೇಗ ಕುಗ್ಗಿಸಿದರೆ ಲಿಮಿಟ್ ನಿಜವಾಗಿಯೂ 1. p = λ/√n ಅಂತ ನಿಧಾನಕ್ಕೆ ಕುಗ್ಗಿಸಿದರೆ ನಿಜವಾಗಿಯೂ 0. ಇವೆರಡರ ನಡುವೆ, np ಒಂದು ಸಂಖ್ಯೆಗೆ ಅಂಟಿಕೊಂಡಿರುವಾಗ ಮಾತ್ರ, 0 ಮತ್ತು 1ರ ಮಧ್ಯದ ಉತ್ತರ ಸಿಗುತ್ತದೆ.

ಸೂತ್ರಕ್ಕೆ ಹೋಗುವ ಮುಂಚೆ ಕ್ಯಾಲ್ಕುಲೇಟರ್‌ನಲ್ಲಿ ಒತ್ತಿ ನೋಡಿ. λ = 2ಕ್ಕೆ ಹೀಗೆ ಬರುತ್ತದೆ:

| ತುಂಡು | n | p | (1 − 2/n)ⁿ |
|---|---|---|---|
| ಕಾಲುಗಂಟೆ | 4 | 1/2 | 0.0625 |
| ಐದು ನಿಮಿಷ | 12 | 1/6 | 0.1122 |
| ಒಂದು ನಿಮಿಷ | 60 | 1/30 | 0.1308 |
| ಒಂದು ಸೆಕೆಂಡು | 3600 | 1/1800 | 0.1353 |

ಮೊದಲು ದೊಡ್ಡ ಹೆಜ್ಜೆ, ಆಮೇಲೆ ಚಿಕ್ಕ ಹೆಜ್ಜೆ, ಕೊನೆಗೆ ಅಲ್ಲಾಡುವುದೇ ಇಲ್ಲ. ಸಂಖ್ಯೆಗಳು ಕೆಳಗಿನಿಂದ ಮೇಲಕ್ಕೆ ಬರುತ್ತಿವೆ ಅನ್ನುವುದನ್ನೂ ಗಮನಿಸಿ. ಒಂದು ತುಂಡಿನಲ್ಲಿ ಒಂದಕ್ಕಿಂತ ಜಾಸ್ತಿ ಗಾಡಿಗೆ ನಮ್ಮ ಲೆಕ್ಕದಲ್ಲಿ ಅವಕಾಶ ಇಲ್ಲ. ತುಂಡು ದೊಡ್ಡದಿದ್ದಾಗ ಗಾಡಿಗಳು ಬೇರೆ ಬೇರೆ ತುಂಡಿಗೆ ಹರಡಿಕೊಳ್ಳಲೇಬೇಕು. ಒಂದು ಗಂಟೆಗೆ ನಾಲ್ಕಾರು ಗಾಡಿ ಒಟ್ಟಿಗೆ ಬಂದು ಇನ್ನೊಂದು ಗಂಟೆ ಬರಿದಾಗುವುದು ಕಷ್ಟ. ಅದಕ್ಕೇ ಖಾಲಿ ಗಂಟೆಯ ಸಾಧ್ಯತೆ ಕಮ್ಮಿ ಬರುತ್ತದೆ. ಸಣ್ಣಗೆ ಕತ್ತರಿಸಿದಷ್ಟೂ ಈ ಕಟ್ಟುಪಾಡು ಸಡಿಲವಾಗುತ್ತದೆ.

### ಒತ್ತುವಾಗ ಆಗುವ ಎಡವಟ್ಟು

1 − 2/60 ಅಂದರೆ 0.966666… ಇದನ್ನು 0.97 ಅಂತ ಬರೆದುಕೊಂಡು 60ರ ಘಾತಕ್ಕೆ ಏರಿಸಿದರೆ 0.1608 ಬರುತ್ತದೆ. ಸರಿಯಾದದ್ದು 0.1308. ಎರಡು ದಶಮಾಂಶಕ್ಕೆ ಕತ್ತರಿಸಿದ್ದಕ್ಕೆ ಇಷ್ಟು ದಂಡ. 3600ರ ಸಾಲಿನಲ್ಲಿ 0.99944… ಅನ್ನು 0.999 ಮಾಡಿದರೆ ಇನ್ನೂ ಕೆಟ್ಟದ್ದು, 0.0273 ಬರುತ್ತದೆ. ಘಾತ ದೊಡ್ಡದಾದಷ್ಟೂ ಒಳಗಿನ ಚಿಕ್ಕ ತಪ್ಪು ಹಿಗ್ಗುತ್ತದೆ. ಹಾಗಾಗಿ ಮಧ್ಯದಲ್ಲಿ ಹಾಳೆಯ ಮೇಲೆ ಬರೆದುಕೊಳ್ಳಬೇಡಿ. `(1-2/60)^60` ಅಂತ ಒಂದೇ ಉಸಿರಿಗೆ ಒತ್ತಿ, ಕೊನೆಯಲ್ಲಿ ಮಾತ್ರ ಕತ್ತರಿಸಿ.

## ಹಂತ 5: ln ತೆಗೆದುಕೊಂಡು ಎರಡೂ ಕಡೆಯಿಂದ ಅದುಮಿ

ಘಾತದಲ್ಲೂ n, ಒಳಗೂ n ಇದ್ದಾಗ ನೇರವಾಗಿ ಏನೂ ಮಾಡಲಾಗುವುದಿಲ್ಲ. ಘಾತವನ್ನು ಕೆಳಗಿಳಿಸಬೇಕು. ಅದಕ್ಕೆ `ln`:

```
ln P(0) = n · ln(1 − λ/n)
```

ಇಲ್ಲಿ ಇನ್ನೊಂದು ಬಲೆ ಇದೆ. "n ಅನಂತಕ್ಕೆ, ln 1 = 0, ಯಾವುದಕ್ಕೆ 0 ಗುಣಿಸಿದರೂ 0, ಹಾಗಾಗಿ P(0) = e⁰ = 1" ಅಂತ ಬರೆದುಬಿಡುತ್ತಾರೆ. ಅನಂತಕ್ಕೆ ಹೋಗುವುದನ್ನೂ 0ಗೆ ಹೋಗುವುದನ್ನೂ ಗುಣಿಸಿದಾಗ ಏನು ಬೇಕಾದರೂ ಬರಬಹುದು. ಯಾವುದು ಎಷ್ಟು ಬೇಗ ಹೋಗುತ್ತಿದೆ ಅಂತ ಅಳೆಯದೆ ತೀರ್ಪು ಕೊಡಬಾರದು.

ಅಳೆಯುವ ದಾರಿ ಇದು. x = λ/n ಅನ್ನಿ. n > λ ಆದ್ದರಿಂದ x 0 ಮತ್ತು 1ರ ಮಧ್ಯೆ ಇದೆ. 1/t ಎಂಬ ಗೆರೆಯ ಚಿತ್ರ ಬರೆಯಿರಿ. 1 − xನಿಂದ 1ರವರೆಗೆ ಆ ಗೆರೆಯ ಕೆಳಗಿರುವ ಜಾಗವೇ −ln(1 − x). ಆ ಪಟ್ಟಿಯ ಅಗಲ x. ಎತ್ತರ ಬಲತುದಿಯಲ್ಲಿ 1, ಎಡತುದಿಯಲ್ಲಿ 1/(1 − x), ಮಧ್ಯೆ ಎಲ್ಲಾ ಇವೆರಡರ ನಡುವೆಯೇ. ಹಾಗಾದರೆ ಜಾಗ ಕನಿಷ್ಠ x × 1, ಗರಿಷ್ಠ x × 1/(1 − x). ಚಿಹ್ನೆ ತಿರುಗಿಸಿ ಬರೆದರೆ:

```
−x/(1 − x)  ≤  ln(1 − x)  ≤  −x
```

ಈಗ x ಜಾಗಕ್ಕೆ λ/n ಹಾಕಿ, ಉದ್ದಕ್ಕೂ nನಿಂದ ಗುಣಿಸಿ:

```
−λ/(1 − λ/n)  ≤  n · ln(1 − λ/n)  ≤  −λ
```

n ಬೆಳೆದಂತೆ ಎಡಗಡೆಯ ಛೇದ 1ಕ್ಕೆ ಹೋಗುತ್ತದೆ, ಹಾಗಾಗಿ ಎಡಗಡೆ −λಗೆ ಹೋಗುತ್ತದೆ. ಬಲಗಡೆ ಮೊದಲಿನಿಂದಲೂ −λ. ಮಧ್ಯದಲ್ಲಿರುವುದಕ್ಕೆ ಬೇರೆ ಎಲ್ಲಿ ಹೋಗಲು ಜಾಗ ಇದೆ? ಅದೂ −λಗೇ.

ನಮ್ಮ ಅಂಗಡಿಯ 60 ನಿಮಿಷದ ಸಾಲಿನಲ್ಲಿ ಇದನ್ನು ಪರೀಕ್ಷಿಸಿ. ಎಡಗಡೆ −2/(1 − 1/30) = −2.0690. ಬಲಗಡೆ −2. ಮಧ್ಯದ್ದು 60 × ln(29/30) = −2.0341. ಸರಿಯಾಗಿ ನಡುವೆ ಕೂತಿದೆ.

ಬಹಳ ಪುಸ್ತಕಗಳಲ್ಲಿ ಇದರ ಬದಲು "x ಚಿಕ್ಕದಿದ್ದಾಗ ln(1 − x) ಸುಮಾರು −x" ಅಂತ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಅದು ತಪ್ಪಲ್ಲ, ಆದರೆ ಆ "ಸುಮಾರು" ಅನ್ನು n ಸಲ ಗುಣಿಸುತ್ತಿದ್ದೇವೆ ಅನ್ನುವುದು ಮರೆತುಹೋಗುತ್ತದೆ. ಪ್ರತಿ ತುಂಡಿನಲ್ಲಿ ಉಳಿಯುವ ಚಿಕ್ಕ ತಪ್ಪು n ತುಂಡು ಸೇರಿ ದೊಡ್ಡದಾಗುವುದಿಲ್ಲವೇ ಅಂತ ಕೇಳಲೇಬೇಕು. ದೊಡ್ಡದಾಗುವುದಿಲ್ಲ, ಯಾಕೆಂದರೆ ಒಂದು ತುಂಡಿನ ತಪ್ಪು ಸುಮಾರು x²/2, ಅಂದರೆ λ²/(2n²). n ಸಲ ಸೇರಿದರೂ λ²/(2n) ಮಾತ್ರ. ಅದೂ ಕುಗ್ಗುತ್ತದೆ. ನನಗೆ ಅದುಮುವ ದಾರಿ ಹೆಚ್ಚು ಇಷ್ಟ, ಯಾಕೆಂದರೆ ಅದರಲ್ಲಿ "ಸುಮಾರು" ಅನ್ನುವ ಮಾತೇ ಬರುವುದಿಲ್ಲ.

## ಹಂತ 6: ವಾಪಸ್ ಬನ್ನಿ, ಮೈನಸ್ ಜೊತೆಗೆ

ln P(0) ಹೋಗುವುದು −λಗೆ. ನಮಗೆ ಬೇಕಿರುವುದು P(0). `eˣ` ಒಂದು ನಿರಂತರ ಫಲನ, ಆದ್ದರಿಂದ ಲಿಮಿಟ್ ಅನ್ನು ಅದರೊಳಗೆ ಕಳಿಸಬಹುದು:

```
lim (n→∞) (1 − λ/n)^n = e^(−λ)
```

λ = 2ಕ್ಕೆ e^(−2) = 0.1353. ಸೆಕೆಂಡುಗಳ ಸಾಲಿಗೆ ತಾಳೆಯಾಯಿತು. ಅಂದರೆ ಗಂಟೆಗೆ ಸರಾಸರಿ ಎರಡು ಗಾಡಿ ಇದ್ದರೂ, ಹೆಚ್ಚುಕಮ್ಮಿ ಏಳರಲ್ಲಿ ಒಂದು ಗಂಟೆ ಬರಿದಾಗಿಯೇ ಹೋಗುತ್ತದೆ.

ಉತ್ತರ ಬರೆದ ಮೇಲೆ ಅದು ಸರಿಯೇ ಅಂತ ನೋಡಲು ಅರ್ಧ ನಿಮಿಷ ಸಾಕು. ಈ ಸಂಖ್ಯೆಗಳು ಕಂಡರೆ ಎಲ್ಲಿ ಜಾರಿದಿರಿ ಅಂತ ಹೇಳಬಹುದು.

7.389 ಬಂದರೆ ಮೈನಸ್ ಹೋಗಿದೆ, ಅದು e². ಸಂಭವನೀಯತೆ 1 ದಾಟುವುದಿಲ್ಲ, ಅಲ್ವಾ? −1 ಬಂದರೆ (1 − p)ⁿ ವಿಸ್ತರಿಸುವಾಗ ಮೊದಲ ಎರಡೇ ಪದ ಇಟ್ಟುಕೊಂಡು 1 − np ಅಂತ ಬರೆದಿದ್ದೀರಿ. λ ತೀರ ಚಿಕ್ಕದಿದ್ದಾಗ, 0.01ರಂತೆ, ಅದು ನಡೆಯುತ್ತದೆ. 2ಕ್ಕೆ ನಡೆಯುವುದಿಲ್ಲ.

60 ನಿಮಿಷದ ಸಾಲಿಗೆ 0.4134 ಬಂದರೆ `ln` ಬದಲು `log` ಒತ್ತಿ, ಆಮೇಲೆ `eˣ` ಒತ್ತಿದ್ದೀರಿ. `log`ನಲ್ಲಿ ಹೋದರೆ `10ˣ`ನಲ್ಲೇ ವಾಪಸ್ ಬರಬೇಕು.

ಇನ್ನೊಂದು ಪರೀಕ್ಷೆ ನನಗೆ ಬಹಳ ಉಪಯೋಗಕ್ಕೆ ಬರುತ್ತದೆ. ಹಂತ 5ರ ಬಲಗಡೆ ಹೇಳುವುದೇನು? n ಎಷ್ಟೇ ಇರಲಿ, λಗಿಂತ ದೊಡ್ಡದಿದ್ದರೆ, (1 − λ/n)ⁿ ಯಾವತ್ತೂ e^(−λ)ಗಿಂತ ಮೇಲೆ ಹೋಗುವುದಿಲ್ಲ. ಹಾಗಾಗಿ 0.1608 ಕಂಡ ತಕ್ಷಣ, ಏನೂ ಲೆಕ್ಕ ಮಾಡದೆ, ಎಲ್ಲೋ ದಶಮಾಂಶ ಕತ್ತರಿಸಿದ್ದಾರೆ ಅಂತ ಹೇಳಬಹುದು.

## ಹಂತ 7: ಲಿಮಿಟ್ ಅನ್ನು ಯಾವಾಗ ನಂಬಬಹುದು

ಪರೀಕ್ಷೆಯಲ್ಲಿ n = 60, p = 1/30 ಅಂತ ಕೊಟ್ಟು "ಲಿಮಿಟ್ ಬಳಸಿ ಅಂದಾಜು ಮಾಡಿ" ಅಂದರೆ e^(−2) ಬರೆಯುತ್ತೇವೆ. ಎಷ್ಟು ತಪ್ಪು ಇರುತ್ತದೆ? ಹಂತ 5ರಲ್ಲಿ ಸಿಕ್ಕ λ²/(2n) ಅದೇ ಹೇಳುತ್ತದೆ. ನಿಜವಾದ ಬೆಲೆ ಲಿಮಿಟ್‌ಗಿಂತ ಸುಮಾರು ಅಷ್ಟು ಪಾಲು ಕಮ್ಮಿ ಇರುತ್ತದೆ. ಇಲ್ಲಿ 4/120, ಅಂದರೆ ಶೇ. 3.3. ನಿಜಕ್ಕೂ 0.1308 ಅನ್ನುವುದು 0.1353ಗಿಂತ ಹೆಚ್ಚುಕಮ್ಮಿ ಅಷ್ಟೇ ಕೆಳಗಿದೆ.

ತಪ್ಪು ಸುಮಾರು ಶೇ. 1ರೊಳಗೆ ಇರಬೇಕಾದರೆ n ಕನಿಷ್ಠ 50λ² ಇರಲಿ. λ = 2ಕ್ಕೆ 200. λ = 5ಕ್ಕೆ 1250.

"n 100 ದಾಟಿದರೆ ಸಾಕು" ಎಂಬ ಬಾಯಿಮಾತಿನ ನಿಯಮ ಕೈಕೊಡುವುದು ಇಲ್ಲೇ. n = 100, λ = 10 ತೆಗೆದುಕೊಳ್ಳಿ. ನಿಜವಾದ ಬೆಲೆ 0.9¹⁰⁰, ಸುಮಾರು 0.0000266. ಲಿಮಿಟ್ e^(−10), ಸುಮಾರು 0.0000454. ಸುಮಾರು 1.7 ಪಟ್ಟು ವ್ಯತ್ಯಾಸ! ಎರಡೂ ತೀರ ಚಿಕ್ಕವು, ಹಾಗಾಗಿ ನಾಲ್ಕು ದಶಮಾಂಶಕ್ಕೆ ಬರೆದರೆ ಎರಡೂ 0.0000 ಆಗಿ ತಪ್ಪು ಮುಚ್ಚಿಹೋಗುತ್ತದೆ. nನ ಜೊತೆ λ ಎಷ್ಟಿದೆ ಅಂತಲೂ ನೋಡಿ.

### ಕಂಪ್ಯೂಟರ್‌ನಲ್ಲಿ n ತುಂಬಾ ದೊಡ್ಡದು ಹಾಕುವವರಿಗೆ

n ದೊಡ್ಡದಾದಷ್ಟೂ ಒಳ್ಳೆಯದು ಅಂತ ಪೈಥಾನ್‌ನಲ್ಲಿ ಸಿಕ್ಕಾಪಟ್ಟೆ ಸೊನ್ನೆ ಹಾಕಿದವರು ಗೊಂದಲಕ್ಕೆ ಬೀಳುತ್ತಾರೆ. ಇದನ್ನು ಓಡಿಸಿ ನೋಡಿ:

```python
import math
for k in (3, 6, 15, 16, 17):
    n = 10**k
    p = 2 / n
    print(k, (1 - p)**n, math.exp(n * math.log1p(-p)))
```

k ಬಿಟ್ಟು ಎಣಿಸಿದರೆ ಉತ್ತರದ ಎರಡು ಕಾಲಂ ಬರುತ್ತವೆ. ಅವುಗಳಲ್ಲಿ ಮೊದಲ ಕಾಲಂ 10⁶ರ ತನಕ ಚೆನ್ನಾಗಿಯೇ ಇರುತ್ತದೆ. 10¹⁵ರಲ್ಲಿ 0.1356 ಆಗುತ್ತದೆ, ಅಂದರೆ ಲಿಮಿಟ್ ಅನ್ನೇ ದಾಟಿತು. 10¹⁶ರಲ್ಲಿ 0.1086ಕ್ಕೆ ಬೀಳುತ್ತದೆ. 10¹⁷ರಲ್ಲಿ ನೇರವಾಗಿ 1.0. ಗಣಿತ ಕೆಟ್ಟಿಲ್ಲ. ಕಂಪ್ಯೂಟರ್ 1ರ ಪಕ್ಕದ ಸಂಖ್ಯೆಗಳನ್ನು ಹದಿನಾರು ಅಂಕಿಯಷ್ಟೇ ಹಿಡಿದಿಡುತ್ತದೆ. 1 − p ಮಾಡುವಾಗಲೇ p ಸವೆದುಹೋಗುತ್ತದೆ, 10¹⁷ರಲ್ಲಿ ಪೂರ್ತಿ ಮಾಯ. ಹಂತ 4ರಲ್ಲಿ p → 0 ಅನ್ನು ಮೊದಲು ತೆಗೆದವರ ಉತ್ತರವನ್ನೇ ಯಂತ್ರವೂ ಕೊಟ್ಟಿತು ನೋಡಿ.

`log1p(-p)` ಅನ್ನುವುದು 1 − p ಮಾಡದೆಯೇ ln(1 − p) ಕಂಡುಹಿಡಿಯುತ್ತದೆ. ಹಾಗಾಗಿ ಎರಡನೇ ಕಾಲಂ ಕೊನೆಯ ತನಕ 0.1353ರಲ್ಲೇ ನಿಲ್ಲುತ್ತದೆ. 10³ರ ಸಾಲಿನಲ್ಲಿ ಮಾತ್ರ ಎರಡೂ ಕಾಲಂ 0.1351 ತೋರಿಸುತ್ತವೆ. ಅದು ದೋಷವಲ್ಲ, n ಇನ್ನೂ ಚಿಕ್ಕದಿದೆ, ಅಷ್ಟೆ.

## ಹಂತ 8: ಅಂಗಡಿ ಮುಂದೆ ನಿಂತು ಷರತ್ತು ಪರೀಕ್ಷಿಸಿ

ಲಿಮಿಟ್ ಸರಿ. ಆದರೆ ನಮ್ಮ ಅಂಗಡಿಗೆ ಅದು ಒಪ್ಪುತ್ತದೆಯೇ? ಹಂತ 3ರಲ್ಲಿ ಧೈರ್ಯವಾಗಿ ಗುಣಿಸಿದೆವಲ್ಲ, ಅದಕ್ಕೆ ತುಂಡುಗಳು ಒಂದಕ್ಕೊಂದು ಸಂಬಂಧವಿಲ್ಲದೆ ಇರಬೇಕು. ಇದು ಮುರಿಯುವುದು ಮುಖ್ಯವಾಗಿ ಎರಡು ಕಡೆ.

ಗುಂಪಾಗಿ ಬರುವುದು. ಗಾಡಿ ಬದಲು ಜನರನ್ನು ಎಣಿಸಿದಿರಿ ಅನ್ನಿ, ಗಂಟೆಗೆ ಸರಾಸರಿ 2 ಜನ. ಆದರೆ ಅವರು ಬರುವುದು ನಾಲ್ಕು ನಾಲ್ಕು ಜನ ತುಂಬಿದ ಕಾರಿನಲ್ಲಿ. ಆಗ ಕಾರು ಗಂಟೆಗೆ ಸರಾಸರಿ ಅರ್ಧ ಮಾತ್ರ. ಖಾಲಿ ಗಂಟೆಯ ಸಾಧ್ಯತೆ e^(−0.5) = 0.6065. ಜನರ ಸರಾಸರಿ ಹಿಡಿದು e^(−2) ಬರೆದವರು 0.1353 ಅನ್ನುತ್ತಾರೆ. ಎಲ್ಲಿಂದೆಲ್ಲಿಗೆ! ಒಟ್ಟಿಗೆ ಬರುವವರನ್ನು ಒಂದೇ ಅಂತ ಎಣಿಸಬೇಕು. ಅದಕ್ಕೇ ಶುರುವಿನಿಂದ ಗಾಡಿ ಅಂದಿದ್ದು.

ಬೇರೆ ಬೇರೆ ದಿನಗಳನ್ನು ಕಲಸುವುದು. ಭಾನುವಾರ ನಂದಿ ಬೆಟ್ಟಕ್ಕೆ ಹೋಗಿ ಬರುವವರ ಗದ್ದಲ. ಉಳಿದ ದಿನ ಅಷ್ಟಿಲ್ಲ. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ: ಆರು ದಿನ ಗಂಟೆಗೆ 1 ಗಾಡಿ, ಭಾನುವಾರ 8. ವಾರದ ಸರಾಸರಿ (6 × 1 + 8)/7 = 2. ಅದೇ 2! ಆದರೆ ವಾರದಲ್ಲಿ ಯಾವುದೋ ಒಂದು ದಿನದ ಒಂದು ಗಂಟೆ ಖಾಲಿ ಹೋಗುವ ಸಾಧ್ಯತೆ ಬೇಕಾದರೆ ದಿನಕ್ಕೊಂದು ಲೆಕ್ಕ ಮಾಡಿ ಆಮೇಲೆ ಸರಾಸರಿ ತೆಗೆಯಬೇಕು:

```
(6 · e^(−1) + e^(−8)) / 7 = 0.3154
```

0.1353 ಅಲ್ಲ, ಅದರ ಎರಡು ಪಟ್ಟಿಗಿಂತ ಜಾಸ್ತಿ. ಮೊದಲು λಗಳ ಸರಾಸರಿ ತೆಗೆದು ಆಮೇಲೆ e^(−λ) ಹಾಕುವುದು, ಮೊದಲು e^(−λ) ಹಾಕಿ ಆಮೇಲೆ ಸರಾಸರಿ ತೆಗೆಯುವುದು, ಎರಡೂ ಒಂದೇ ಅಲ್ಲ. ಎರಡನೆಯದೇ ಸರಿ.

ಇದನ್ನು ಓದಿ ಇನ್ನೊಂದು ಅತಿಗೆ ಹೋಗಬೇಡಿ. ಒಂದೇ ಗಂಟೆಯೊಳಗೆ ಏರಿಳಿತ ಇದ್ದರೆ ಚಿಂತೆ ಇಲ್ಲ. ಮೊದಲ ಅರ್ಧಗಂಟೆ ಸರಾಸರಿ 1.5, ಎರಡನೇ ಅರ್ಧಗಂಟೆ 0.5 ಅಂದರೆ, ಎರಡೂ ಖಾಲಿ ಹೋಗುವ ಸಾಧ್ಯತೆ e^(−1.5) × e^(−0.5), ಅದು e^(−2)ವೇ. ಘಾತಗಳು ಕೂಡಿಕೊಳ್ಳುತ್ತವೆ. ತೊಂದರೆ ಕೊಡುವುದು "ಇವತ್ತು ಯಾವ ಬಗೆಯ ದಿನ" ಅಂತ ಗೊತ್ತಿಲ್ಲದೆ ಕಲಸಿದಾಗ.

ಕೆಎಸ್‌ಆರ್‌ಟಿಸಿ ಬಸ್‌ಗಳನ್ನು ಎಣಿಸಲು ಇದನ್ನು ಬಳಸಬೇಡಿ. ಅವು ವೇಳಾಪಟ್ಟಿ ಹಿಡಿದು ಬರುತ್ತವೆ. ಒಂದು ಈಗಷ್ಟೇ ಹೋಯಿತು ಅಂದರೆ ಇನ್ನೊಂದು ಸದ್ಯಕ್ಕೆ ಬರುವುದಿಲ್ಲ, ಅಂದರೆ ತುಂಡುಗಳ ಮಧ್ಯೆ ಸಂಬಂಧ ಇದೆ.

## ಹಂತ 9: ತಿರುಗಿಸಿ ಬಳಸುವುದು

ಅಂಗಡಿಯಲ್ಲಿ ಕೂತ ಅಕ್ಕ "ಒಂದೂವರೆ ಗಂಟೆ ಆಯ್ತು, ಒಂದ್ ಗಾಡೀನೂ ನಿಂತಿಲ್ಲ" ಅಂದರೆ, ಅದು ಬರೀ ದುರದೃಷ್ಟವೋ ಅಥವಾ ಏನಾದರೂ ಬದಲಾಗಿದೆಯೋ? ಒಂದೂವರೆ ಗಂಟೆಗೆ λ = 3. e^(−3) = 0.0498, ಅಂದರೆ ಸುಮಾರು ಇಪ್ಪತ್ತರಲ್ಲಿ ಒಂದು ಸಲ ಹೀಗಾಗಬಹುದು. ಸರಾಸರಿ ಇನ್ನೂ 2 ಇದ್ದರೆ ಇದು ಅಪರೂಪ, ಆದರೆ ಅಸಾಧ್ಯ ಅಲ್ಲ. ಮೂರು ಗಂಟೆ ಖಾಲಿ ಹೋದರೆ e^(−6) = 0.0025, ನಾನೂರರಲ್ಲಿ ಒಂದು. ಆಗ ಗಂಟೆಗೆ 2 ಎಂಬ ಸರಾಸರಿಯನ್ನೇ ಅನುಮಾನಿಸಬೇಕು. ಮುಂದೆ ರಸ್ತೆ ತಿರುಗಿಸಿದ್ದಾರಾ, ಇಲ್ಲ ನೂರು ಮೀಟರ್ ಹಿಂದೆ ಇನ್ನೊಬ್ಬರು ದ್ರಾಕ್ಷಿ ಇಟ್ಟಿದ್ದಾರಾ ಅಂತ ಎದ್ದು ಹೋಗಿ ನೋಡುವುದು ಒಳ್ಳೆಯದು.